ಇನ್ನೊಂಚೂರು ದೊಡ್ಡದು

ಚಕ್ಕುಲಿ ಪ್ಯಾಕೆಟ್ಟಿಗೆ ಅಂಟಿಸುವ ಸ್ಟಿಕ್ಕರ್ ಅದು. ಅಗಲ 90 ಮಿಲಿಮೀಟರ್, ಎತ್ತರ 120. ಅಂಗೈ ಅಷ್ಟಗಲದ ಆ ಜಾಗಕ್ಕಾಗಿ ನಾನೂ ಕಾಂಡಿಮೆಂಟ್ಸ್ ಅಂಗಡಿಯ ಯಜಮಾನರೂ ಹದಿನೈದು ದಿನ ಗುದ್ದಾಡಿದೆವು.

ಮೊದಲು ಕಳಿಸಿದಾಗ ಲೋಗೋ 38 ಮಿಲಿಮೀಟರ್ ಅಗಲ ಇತ್ತು. ತಿಳಿ ಕೆನೆ ಬಣ್ಣದ ಮೇಲೆ ಕಿತ್ತಳೆ ಅಕ್ಷರ, ಸುತ್ತ ಒಳ್ಳೇ ಖಾಲಿ ಜಾಗ. ನನಗಂತೂ ಬಹಳ ಹಿಡಿಸಿತ್ತು. ಯಜಮಾನರು ಫೋನ್ ಮಾಡಿ, "ಚೆನ್ನಾಗಿದೆಯಪ್ಪಾ, ಲೋಗೋ ಒಂಚೂರು ದೊಡ್ಡದು ಮಾಡು, ಬಣ್ಣ ಸ್ವಲ್ಪ ಬ್ರೈಟ್ ಮಾಡು" ಅಂದರು. 46 ಮಾಡಿದೆ. "ಇನ್ನೊಂಚೂರು." 54. "ಇನ್ನೊಂ..." ಅನ್ನುವಷ್ಟರಲ್ಲೇ 62 ಮಾಡಿ ಕಳಿಸಿದೆ. ಅದನ್ನೂ ನೋಡಿ, "ಯಾಕೋ ಮೊದಲಿಗಿಂತ ಸಣ್ಣದು ಕಾಣ್ತಿದೆ" ಅನ್ನೋದಾ!

ಸಿಟ್ಟು ಬಂತು, ನಿಜ. ಆಮೇಲೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ನೋಡಿದರೆ ಅವರು ಹೇಳಿದ್ದು ಸುಳ್ಳಲ್ಲ. ಲೋಗೋ ಬೆಳೆದಂತೆಲ್ಲಾ ಪಕ್ಕದ ಖಾಲಿ ಜಾಗವನ್ನು ತಿಂದುಹಾಕಿತ್ತು. ಮೇಲೆ ತೆಂಗಿನಕಾಯಿ ಚಿತ್ರ, ಪಕ್ಕದಲ್ಲಿ 'ಶುದ್ಧ ಕಡಲೆಕಾಯಿ ಎಣ್ಣೆಯಲ್ಲಿ ಕರಿದದ್ದು' ಅನ್ನೋ ಸಾಲು, ಕೆಳಗೆ ತೂಕ, ಬೆಲೆ, ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು, ಸಸ್ಯಾಹಾರದ ಹಸಿರು ಚುಕ್ಕೆ. ಎಲ್ಲವೂ ಸೋಮವಾರ ಬೆಳಿಗ್ಗೆಯ ಮೆಜೆಸ್ಟಿಕ್ ಬಸ್ಸಿನ ಹಾಗೆ ಒಂದಕ್ಕೊಂದು ಒತ್ತಿ ನಿಂತಿದ್ದವು. ಆ ನೂಕಾಟದಲ್ಲಿ ಎಷ್ಟು ದಪ್ಪಗಿರುವವನೂ ಕಾಣುವುದಿಲ್ಲ, ಅಲ್ವಾ?

ಬಣ್ಣದ್ದು ಬೇರೆಯೇ ಕಥೆ. ಯಜಮಾನರು ನೋಡುತ್ತಿದ್ದದ್ದು ಫೋನಿನಲ್ಲಿ, ಅದೂ ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡು. ಫೋನಿನ ಕಿತ್ತಳೆ ತಾನೇ ಬೆಳಕು ಚೆಲ್ಲುತ್ತದೆ. ಕಾಗದದ ಕಿತ್ತಳೆ ತನ್ನ ಮೇಲೆ ಬಿದ್ದ ಟ್ಯೂಬ್‌ಲೈಟ್ ಬೆಳಕಿನಲ್ಲಿ ಒಂದಿಷ್ಟನ್ನು ವಾಪಸ್ ಕೊಡುತ್ತದೆ, ಅಷ್ಟೇ. ಪ್ರೆಸ್ಸಿನಲ್ಲಿ ಕಿತ್ತಳೆ ಅಂತ ಬೇರೆ ಇಂಕು ಸಾಮಾನ್ಯವಾಗಿ ಇರುವುದಿಲ್ಲ, ಮೆಜೆಂಟಾ ಅನ್ನೋ ಕಡುಗುಲಾಬಿ ಇಂಕು ಮತ್ತು ಹಳದಿ ಸೇರಿಸಿಯೇ ಆಗಬೇಕು. ನಾನು ಹಳದಿ ಶೇಕಡಾ 100, ಮೆಜೆಂಟಾ ಶೇಕಡಾ 60 ಕೊಟ್ಟಿದ್ದೆ. ಅವರು ಬ್ರೈಟ್ ಅಂದಾಗಲೆಲ್ಲಾ ಮೆಜೆಂಟಾ ಏರಿಸುತ್ತಾ ಹೋದೆ, ಕೇಳಿದ್ದು ಹೊಳಪು, ಸಿಕ್ಕಿದ್ದು ಕೆಂಪು. ಕೊನೆಗೆ ಸುಲ್ತಾನ್‌ಪೇಟೆಯ ಪ್ರೆಸ್ಸಿನವರೇ ಫೋನ್ ಮಾಡಿದರು. "ಸಾರ್, ಮೆಜೆಂಟಾ ನೂರು, ಯೆಲ್ಲೋ ನೂರು ಹಾಕಿದೀರ. ಇನ್ನೂ ಬ್ರೈಟ್ ಅಂದ್ರೆ ನೂರರ ಮೇಲೆ ಏನ್ ಹಾಕ್ಲಿ?"

ಇಲ್ಲಿ ನನ್ನದೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಅವರಿಗೆ ಕಳಿಸಿದ ಪ್ರಿಂಟ್ ಸ್ಯಾಂಪಲ್ಲಿಗೆ ನಾನು ಮ್ಯಾಟ್ ಲ್ಯಾಮಿನೇಶನ್, ಅಂದರೆ ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಪದರ, ಮಾಡಿಸಿದ್ದೆ, ಮುಟ್ಟಿದರೆ ರೇಷ್ಮೆಯ ಹಾಗಿರುತ್ತದೆ ಅಂತ. ಮ್ಯಾಟ್ ಮೇಲೆ ಬಿದ್ದ ಬೆಳಕು ಎಲ್ಲಾ ಕಡೆಗೂ ಚದುರಿಹೋಗುತ್ತದೆ, ಬಣ್ಣದ ಮೇಲೆ ತೆಳುವಾಗಿ ಹಾಲು ಸವರಿದ ಹಾಗೆ ಮಂಕಾಗುತ್ತದೆ. ಅವರಿಗೆ ಡಲ್ ಕಂಡದ್ದು ಸುಮ್ನೆ ಅಲ್ಲ.

ಮರುದಿನ ಸ್ಟಿಕ್ಕರುಗಳನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೇ ಹೋದೆ. ಮೊದಲ ದಿನವೇ ಹೋಗಬೇಕಿತ್ತು. ಪ್ಯಾಕೆಟ್ಟಿಗೆ ಅಂಟಿಸಿ, ಶೆಲ್ಫಿನಲ್ಲಿ ಕೋಡುಬಳೆ, ನಿಪ್ಪಟ್ಟಿನ ಮಧ್ಯೆ ಇಟ್ಟು, ಗಿರಾಕಿ ನಿಲ್ಲುವ ಕಡೆ ಬಂದು ನಿಂತೆ. ಆರಡಿ ದೂರ. ಸುತ್ತಲಿನ ಪ್ಯಾಕೆಟ್ಟೆಲ್ಲಾ ಕೆಂಪು, ಹಳದಿ. ಪಾರದರ್ಶಕ ಕವರಿನೊಳಗಿನ ಚಕ್ಕುಲಿಯೂ ಹೊಂಬಣ್ಣ. ಅದರ ನಡುವೆ ನನ್ನ ಕೆನೆ-ಕಿತ್ತಳೆ ಎಲ್ಲಿದೆ ಅಂತ ನಾನೇ ಹುಡುಕಬೇಕಾಯಿತು! "ನೋಡ್ದ್ಯಾ? ಕಾಣಲ್ಲ. ಅದನ್ನೇ ತಾನೇ ನಾನು ಹೇಳ್ತಿರೋದು?" ಅಂದರು ಯಜಮಾನರು, ಒಂದು ಚಕ್ಕುಲಿ ನನ್ನ ಕೈಗಿಡುತ್ತಾ.

ಅವರು ಹದಿನೈದು ದಿನದಿಂದ ಹೇಳುತ್ತಿದ್ದದ್ದು 'ಕಾಣಲ್ಲ' ಅಂತ. ಔಷಧಿಯ ಹೆಸರನ್ನೂ ತಾವೇ ಹೇಳುತ್ತಿದ್ದರು, ನಾನು ಅದನ್ನೇ ಕೊಡುತ್ತಾ ಹೋದೆ.

ಮನೆಗೆ ಬಂದು ಹಿನ್ನೆಲೆಯನ್ನು ಕಡುಹಸಿರು ಮಾಡಿದೆ. ಕಿತ್ತಳೆಯನ್ನು ಮೊದಲಿನ ಲೆಕ್ಕಕ್ಕೇ ಇಳಿಸಿದೆ. ಕಡುಬಣ್ಣದ ಪಕ್ಕ ಕೂತದ್ದೇ ಅದು ದೀಪ ಹಚ್ಚಿದ ಹಾಗಾಯಿತು. ತೆಂಗಿನಕಾಯಿ ತೆಗೆದೆ. ಎಣ್ಣೆಯ ಸಾಲು ಪ್ಯಾಕೆಟ್ಟಿನ ಹಿಂಬದಿಯ ಸ್ಟಿಕ್ಕರಿಗೆ ಹೋಯಿತು. ತೂಕ, ಬೆಲೆ, ನಂಬರು, ಹಸಿರು ಚುಕ್ಕೆ ಮನಸ್ಸಿಗೆ ಬಂದಷ್ಟು ಚಿಕ್ಕದು ಮಾಡುವ ಹಾಗಿಲ್ಲ, ಅದಕ್ಕೆ ಕಾನೂನಿದೆ. ಹಸಿರು ಚುಕ್ಕೆ ಹಸಿರಿನ ಮೇಲೆ ಮುಳುಗಿಹೋಗುತ್ತಿತ್ತು, ಅದಕ್ಕೇ ಕೆಳಗೊಂದು ಬಿಳಿ ಪಟ್ಟಿ ಮಾಡಿ ಎಲ್ಲರನ್ನೂ ಅಲ್ಲಿ ಸಾಲಾಗಿ ಕೂರಿಸಿದೆ. ಮ್ಯಾಟ್ ಬದಲು ಹೊಳೆಯುವ ಗ್ಲಾಸಿ ಲ್ಯಾಮಿನೇಶನ್. ಲೋಗೋ 44 ಮಿಲಿಮೀಟರ್.

ಶೆಲ್ಫಿನಲ್ಲಿಟ್ಟು ಯಜಮಾನರು ಗಲ್ಲಾ ಬಿಟ್ಟು ಹೊರಗೆ ಬಂದು, ಫುಟ್‌ಪಾತಿನವರೆಗೂ ಹೋಗಿ ನಿಂತು ನೋಡಿದರು. ಮುಖ ಅರಳಿತು. "ಈಗ ನೋಡು! ಮೊದಲೇ ಇಷ್ಟು ದೊಡ್ಡದು ಮಾಡಿದ್ರೆ ಇಷ್ಟು ದಿನ ಬೇಕಿತ್ತಾ?"

ಬ್ಯಾಗಿನಲ್ಲಿ ಸ್ಕೇಲ್ ಇತ್ತು. ತೆಗೆಯಲಿಲ್ಲ.