ಹನ್ನೆರಡು ಮೀಟರ್ ಹತ್ತಿ ಇಪ್ಪತ್ತಾರು ಗೋಳಿಬಜೆ

ಬೆಳಗ್ಗೆಯಿಂದ ನನಗೆ ಸಿಟ್ಟು. ಸಿಟ್ಟಿನ ಬುಡದಲ್ಲಿ ಸ್ವಲ್ಪ ಹೆಮ್ಮೆಯೂ ಇದೆ ಎಂಬುದು ಸಂಜೆಯ ಹೊತ್ತಿಗೆ ಗೊತ್ತಾಯಿತು, ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಕಟ್ಟಡದ ಲಿಫ್ಟು ಕೆಟ್ಟು ಮೂರು ವಾರವಾಯಿತೆಂದು ನಿಮಗೆಲ್ಲ ಗೊತ್ತು, ನಾನೇ ಇಲ್ಲಿ ನಾಲ್ಕು ಸಲ ಗೊಣಗಿದ್ದೇನೆ. ನಾಲ್ಕನೇ ಮಹಡಿ, ಎಂಬತ್ತು ಮೆಟ್ಟಿಲು. ಒಂದೊಂದು ಮೆಟ್ಟಿಲು ಹದಿನೈದು ಸೆಂಟಿಮೀಟರ್ ಎತ್ತರ, ಟೇಪು ಹಿಡಿದು ಅಳೆದದ್ದು. ಅಲ್ಲಿಗೆ ಹನ್ನೆರಡು ಮೀಟರ್.

ಇವತ್ತು ಕಾಸರಗೋಡು ಹಳೆ ಬಸ್‌ಸ್ಟ್ಯಾಂಡ್ ಹತ್ತಿರ ಚಾ ಕುಡಿಯಲು ಹೋಗಿದ್ದೆ. ನಮ್ಮದೇ ಕಟ್ಟಡದ ಹುಡುಗ, ಹತ್ತನೇ ತರಗತಿಯಲ್ಲಿ ನನ್ನ ಹತ್ತಿರವೇ ಭೌತಶಾಸ್ತ್ರ ಕಲಿತವನು, ಗೋಳಿಬಜೆಯ ಎರಡನೇ ತಟ್ಟೆಗೆ ಹೇಳುತ್ತಿದ್ದ. ನನ್ನ ಮುಖ ನೋಡಿ ಮೊಬೈಲ್ ಮುಂದೆ ಹಿಡಿದ. "ಮಾಷ್ಟ್ರೇ, ಲೆಕ್ಕ ಹಾಕಿಯೇ ತಿನ್ನುತ್ತಿದ್ದೇನೆ. ನನ್ನ ತೂಕ 70 ಕಿಲೊ, ಎತ್ತರ 12 ಮೀಟರ್. ನೀವೇ ಕಲಿಸಿದ್ದಲ್ಲವೇ?" ಪರದೆಯ ಮೇಲೆ ಇದ್ದದ್ದು ಇಷ್ಟು:

```
mgh = 70 × 9.8 × 12 = 8232 J
8232 / 4.184 = 1967 cal
```

"ಒಂದು ಸಲ ಹತ್ತಿದರೆ 1967 ಕ್ಯಾಲೊರಿ! ಒಂದು ಗೋಳಿಬಜೆಗೆ 75 ಎಂದರೂ ಇಪ್ಪತ್ತಾರು ತಿನ್ನಬಹುದು."

ತೂಕ, ಗುರುತ್ವದ 9.8, ಎತ್ತರ ಮೂರನ್ನೂ ಗುಣಿಸಿದರೆ ದೇಹವನ್ನು ಎತ್ತಿದ ಕೆಲಸ ಜೂಲ್‌ಗಳಲ್ಲಿ ಸಿಗುತ್ತದೆ, 4.184 ಜೂಲ್ ಎಂದರೆ ಒಂದು ಕ್ಯಾಲೊರಿ. ಸೂತ್ರ ಸರಿ. ಗುಣಾಕಾರ ಸರಿ. ಭಾಗಾಕಾರವೂ ಸರಿ. ಉತ್ತರ ಮಾತ್ರ ಸಾವಿರ ಪಟ್ಟು ತಪ್ಪು. ಇಪ್ಪತ್ತೆಂಟು ವರ್ಷ ಸೀಮೆಸುಣ್ಣದ ಪುಡಿ ಉಸಿರಾಡಿದ್ದಕ್ಕೆ ಇದು ಫಲ.

ಭೌತಶಾಸ್ತ್ರದ ಕ್ಯಾಲೊರಿ ಎಂದರೆ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವ ಶಕ್ತಿ. ತಿಂಡಿಯ ಮಾತಿನಲ್ಲಿ ಜನ ಕ್ಯಾಲೊರಿ ಎನ್ನುವುದು ಕಿಲೊಕ್ಯಾಲೊರಿಯನ್ನು, ಎಂದರೆ ಒಂದು ಕಿಲೊ ನೀರಿನ ಲೆಕ್ಕ. ಬಿಸ್ಕತ್ತಿನ ಪೊಟ್ಟಣ ತಿರುಗಿಸಿದರೆ ಹಿಂಬದಿಯಲ್ಲಿ kcal ಎಂದೇ ಇರುತ್ತದೆ. ನಾವು ಓದುವಾಗ ಮಾತ್ರ ಆ ಮೊದಲಿನ k ಅಕ್ಷರವನ್ನು ನುಂಗಿಬಿಡುತ್ತೇವೆ. ಹುಡುಗನ 1967 ಸಣ್ಣ ಕ್ಯಾಲೊರಿ, ಗೋಳಿಬಜೆಯ 75 ದೊಡ್ಡ ಕ್ಯಾಲೊರಿ. ಅವನು ಪೈಸೆಯಲ್ಲಿ ಗಳಿಸಿ ರೂಪಾಯಿಯಲ್ಲಿ ಖರ್ಚು ಮಾಡುತ್ತಿದ್ದ. ನಿಜವಾಗಿ ಅವನು ತನ್ನ ದೇಹವನ್ನು ಎತ್ತಿದ್ದಕ್ಕೆ ಸಂದದ್ದು ಎರಡು ಕಿಲೊಕ್ಯಾಲೊರಿಗೂ ಚೂರು ಕಡಿಮೆ.

ಇಂಥ ತಪ್ಪನ್ನು ಹಿಡಿಯಲು ಪುಸ್ತಕ ಬೇಡ, ಮೈ ಮುಟ್ಟಿ ನೋಡಿದರೆ ಸಾಕು. ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ಕಾಲು ಭಾಗ ಕೆಲಸವಾಗುತ್ತದೆ, ಮುಕ್ಕಾಲು ಭಾಗ ಬಿಸಿಯಾಗುತ್ತದೆ. ಒಂದು ನಿಮಿಷದಲ್ಲಿ 1967 ಕಿಲೊಕ್ಯಾಲೊರಿ ಉರಿದಿದ್ದರೆ 70 ಕಿಲೊ ದೇಹದ ಉಷ್ಣತೆ 37ರಿಂದ 60 ಡಿಗ್ರಿ ದಾಟಬೇಕಿತ್ತು. ಹುಡುಗ ನಾಲ್ಕನೇ ಮಹಡಿಗೆ ಬೆವರಿಕೊಂಡು ಬರುತ್ತಿರಲಿಲ್ಲ, ಬೆಂದುಕೊಂಡು ಬರುತ್ತಿದ್ದ.

ಆ ಕಾಲು ಭಾಗದ ಮಾತು ಮುಖ್ಯ, ಯಾಕೆಂದರೆ ಅಲ್ಲಿ ಹುಡುಗನಿಗೆ ಸ್ವಲ್ಪ ಲಾಭವೂ ಇದೆ. ಎತ್ತಿದ ಕೆಲಸ ಎರಡು ಕಿಲೊಕ್ಯಾಲೊರಿಯಾದರೆ ಅದಕ್ಕಾಗಿ ದೇಹ ಉರಿಸಿದ್ದು ಅದರ ನಾಲ್ಕು ಪಟ್ಟು, ಸುಮಾರು ಎಂಟು. ಇಳಿಯುವಾಗ ಗುರುತ್ವವೇ ಕೆಳಗೆ ಎಳೆದರೂ ಹತ್ತಿದ್ದು ವಾಪಸು ಜಮೆಯಾಗುವುದಿಲ್ಲ. ಪ್ರತಿ ಮೆಟ್ಟಿಲಿಗೂ ತೊಡೆಯ ಸ್ನಾಯು ಬಿಗಿದು ದೇಹವನ್ನು ತಡೆಯಬೇಕು, ಅದಕ್ಕೆ ಹತ್ತುವ ಖರ್ಚಿನ ಮೂರನೇ ಒಂದು ಭಾಗದಷ್ಟು ಹೋಗುತ್ತದೆ. ಹತ್ತಿ ಇಳಿದರೆ ಹನ್ನೊಂದು ಎಂದು ಧಾರಾಳವಾಗಿ ಬರೆದುಕೊಳ್ಳಿ.

ಈಗ ಗೋಳಿಬಜೆ. 75 ಎಂದು ಹುಡುಗ ಹೇಳಿದ್ದನ್ನು ನಂಬದೆ ಮಧ್ಯಾಹ್ನ ಮನೆಯಲ್ಲಿ ತೂಗಿದೆ. 250 ಗ್ರಾಂ ಮೈದಾ, 100 ಗ್ರಾಂ ಮೊಸರು, ಶುಂಠಿ, ಹಸಿಮೆಣಸು. ಕರಿಯುವ ಮೊದಲು ಬಾಣಲೆಯ ಸಮೇತ ಎಣ್ಣೆಯನ್ನು ತೂಗಿದೆ, ಕರಿದ ಮೇಲೆ ಮತ್ತೆ ತೂಗಿದೆ. 60 ಗ್ರಾಂ ಕಾಣೆ. ಅದು ಹೋದದ್ದು ಬಜೆಯ ಹೊಟ್ಟೆಗೆ. ಮೈದಾಕ್ಕೆ ಸುಮಾರು 875, ಎಣ್ಣೆಗೆ ಗ್ರಾಮಿಗೆ ಒಂಬತ್ತರಂತೆ 540, ಮೊಸರಿಗೆ 60. ಇಪ್ಪತ್ತು ಬಜೆಗೆ ಹಂಚಿದರೆ ಒಂದಕ್ಕೆ 74. ಹುಡುಗ ಇಲ್ಲಿಯೂ ಸರಿ! (ಬಿಸಿ ಎಣ್ಣೆಯ ಬಾಣಲೆಯನ್ನು ತಕ್ಕಡಿಯ ಮೇಲಿಟ್ಟದ್ದಕ್ಕೆ ಹೆಂಡತಿ ಹೇಳಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.)

ಹಾಗಾದರೆ ಎಂಬತ್ತು ಮೆಟ್ಟಿಲು ಹತ್ತಿದ್ದಕ್ಕೆ ಸಿಗುವ ಕೂಲಿ ಒಂದು ಗೋಳಿಬಜೆಯ ಒಂಬತ್ತನೇ ಒಂದು ಭಾಗ. ಒಂದು ಕಚ್ಚಿಗೂ ಸಾಲದು. ಸಮುದ್ರದ ಮಟ್ಟದಿಂದ ಹೊರಟು 320 ಮೀಟರ್ ಎತ್ತರದ ಗುಡ್ಡವೊಂದನ್ನು ಏರಿದರೂ ಎತ್ತರದ ಪಾಲಿಗೆ ಬರುವುದು 210 ಕಿಲೊಕ್ಯಾಲೊರಿ, ಮೂರು ಬಜೆಯೂ ಇಲ್ಲ. ನಡೆದ ದೂರದ ಖರ್ಚು ಬೇರೆ, ಅದು ಈ ಲೆಕ್ಕದಲ್ಲಿಲ್ಲ.

"ಹಾಗಾದರೆ ಅಷ್ಟು ಏದುಸಿರು ಯಾಕೆ ಬರುತ್ತದೆ ಮಾಷ್ಟ್ರೇ?" ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ, ತರಗತಿಯಲ್ಲಿ ಕೇಳಿದ್ದರೆ ಚೆನ್ನಾಗಿತ್ತು. ಏದುಸಿರು ಹೇಳುವುದು ಎಷ್ಟು ಶಕ್ತಿ ಹೋಯಿತು ಎಂದಲ್ಲ, ಎಷ್ಟು ಬೇಗ ಹೋಗುತ್ತಿದೆ ಎಂದು. 8232 ಜೂಲ್‌ಗಳನ್ನು ಅರುವತ್ತು ಸೆಕೆಂಡಿನಲ್ಲಿ ಮುಗಿಸಿದರೆ 137 ವ್ಯಾಟ್. ದೇಹ ಉರಿಸುವುದು ಅದರ ನಾಲ್ಕು ಪಟ್ಟು, ಸುಮಾರು 550. ಸುಮ್ಮನೆ ಕುಳಿತವನಿಗೆ ಸಾಕಾಗುವುದು 80 ವ್ಯಾಟ್‌ನ ಆಸುಪಾಸು. ಇದ್ದಕ್ಕಿದ್ದಂತೆ ಏಳು ಪಟ್ಟು ಆಮ್ಲಜನಕ ಬೇಕೆಂದರೆ ಶ್ವಾಸಕೋಶ ಬೊಬ್ಬೆ ಹಾಕುತ್ತದೆ. ಆದರೆ ಆ ಬೊಬ್ಬೆ ಒಂದೇ ನಿಮಿಷದ್ದು. ಬಜೆಯನ್ನು ಕರಗಿಸಲು ಅದೇ ಬೊಬ್ಬೆ ಒಂಬತ್ತು ನಿಮಿಷ ಬೇಕು. ಏದುಸಿರನ್ನು ನಂಬಿ ತಟ್ಟೆಗೆ ಹೇಳುವವನು ವೇಗಮಾಪಕ ನೋಡಿ ಊರು ಮುಟ್ಟಿದೆ ಎಂದವನ ಹಾಗೆ.

ಹೃದಯಕ್ಕೆ ಒಳ್ಳೆಯದಲ್ಲವೇ, ಮಂಡಿಗೆ ಬಲ ಬರುವುದಿಲ್ಲವೇ ಎಂದು ಕೆಲವರು ಕೆಳಗೆ ಬರೆಯಲು ಹೊರಟಿದ್ದೀರಿ, ಬಲ್ಲೆ. ಒಳ್ಳೆಯದೇ, ಯಾರು ಇಲ್ಲವೆಂದರು? ಅದು ಬೇರೆ ಖಾತೆ. ಆ ಖಾತೆಯ ಹಣದಿಂದ ಗೋಳಿಬಜೆ ಕೊಳ್ಳಲು ಬರುವುದಿಲ್ಲ.

ಇನ್ನೊಂದು ವಾದ ಸ್ವಲ್ಪ ಗಟ್ಟಿ. ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದರೆ 44, ವರ್ಷಕ್ಕೆ ಹದಿನಾರು ಸಾವಿರ ಕಿಲೊಕ್ಯಾಲೊರಿ. ಮೈಯ ಕೊಬ್ಬು ಕಿಲೊಗೆ 7700ರಷ್ಟು ಎಂದು ಹಿಡಿದರೆ ಎರಡು ಕಿಲೊ ಇಳಿಯಬೇಕು. ಕಾಗದದ ಮೇಲೆ ಇಳಿಯುತ್ತದೆ. ಷರತ್ತು ಒಂದೇ: ಹತ್ತಿದೆನೆಂಬ ಧೈರ್ಯದಲ್ಲಿ ಒಂದು ತುತ್ತೂ ಹೆಚ್ಚು ತಿನ್ನಬಾರದು. ದಿನಕ್ಕೆ ಒಂದೇ ಒಂದು ಗೋಳಿಬಜೆ ಹೆಚ್ಚಾದರೆ ವರ್ಷಕ್ಕೆ ಇಪ್ಪತ್ತೇಳು ಸಾವಿರ.

ಇದನ್ನು ಇಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆಂದರೆ, ಲಿಫ್ಟು ಕೆಟ್ಟ ಈ ಮೂರು ವಾರದಲ್ಲಿ ನನ್ನ ತೂಕ ಒಂದು ಕಿಲೊ ಏರಿದೆ. ಪ್ರತಿ ಸಲ ಮೇಲೆ ಬಂದು ಕುರ್ಚಿಯಲ್ಲಿ ಕುಸಿದಾಗ ಎರಡು ಚಮಚ ಸಕ್ಕರೆಯ ಚಾ ನನಗೆ ನ್ಯಾಯವಾಗಿ ಸಲ್ಲಬೇಕೆಂದು ಅನ್ನಿಸುತ್ತಿತ್ತು. ಎರಡು ಚಮಚ, ಹತ್ತು ಗ್ರಾಂ, ನಲುವತ್ತು ಕಿಲೊಕ್ಯಾಲೊರಿ. ಹತ್ತಿದ್ದು ಎಂಟು. ಯಾವ ಸೂತ್ರವೂ ನನಗೆ ಮರೆತಿರಲಿಲ್ಲ, ಲೆಕ್ಕ ಮಾಡಬಾರದೆಂದು ಮಾತ್ರ ನಿರ್ಧರಿಸಿದ್ದೆ. ಹುಡುಗನಾದರೂ ಲೆಕ್ಕ ಮಾಡಿದ. ಚಾದಂಗಡಿಯಲ್ಲಿ ಕುಳಿತು mgh ನೆನಪಿಟ್ಟುಕೊಂಡವರು ಊರಿನಲ್ಲಿ ಎಷ್ಟು ಜನ ಇದ್ದಾರೆ? ಹೆಮ್ಮೆ ಎಂದದ್ದು ಅದಕ್ಕೆ.

ಬೆಳಗ್ಗೆ ಅಂಗಡಿಯಲ್ಲೇ ಅವನಿಗೆ ಮೆಟ್ಟಿಲಿನ ಲೆಕ್ಕವನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದ್ದೆ. ತುಂಬ ಹೊತ್ತು ನೋಡಿದ. ಎರಡನೇ ತಟ್ಟೆಯನ್ನು ನನ್ನ ಕಡೆಗೆ ದೂಡಿ, "ಹಾಗಾದರೆ ಇದು ನನಗೆ ಬೇಡ ಮಾಷ್ಟ್ರೇ" ಎಂದು ಎದ್ದು ಹೋದ. ನಾಲ್ಕು ಇದ್ದವು, ಬಿಸಿಯಾಗಿದ್ದವು, ಚಟ್ನಿಯೂ ಇತ್ತು. ಲೆಕ್ಕದ ಪ್ರಕಾರ ನಾನು ಇನ್ನು ಮೂವತ್ತಾರು ಸಲ ಹತ್ತಬೇಕು, ಮತ್ತು ಈಗಷ್ಟೇ ಲಿಫ್ಟಿನ ರಿಪೇರಿಯವರು ಬಂದಿದ್ದಾರೆ.