ತಪಸ್ಸುಕಾಲದ ಉಪವಾಸ: ಆ ಮೆಸೇಜ್ ಸರಿಯಿಲ್ಲ

"ತಪಸ್ಸುಕಾಲದ 40 ದಿನವೂ ಎಲ್ಲಾ ಕಥೋಲಿಕರು ಉಪವಾಸ ಮಾಡಲೇಬೇಕು, ಮೀನು ಮೊಟ್ಟೆಯನ್ನೂ ಮುಟ್ಟಬಾರದು, ಬಿಟ್ಟ ಚಟವನ್ನು ಮತ್ತೆ ಹಿಡಿದರೆ ಪಾಪ."

ಇದನ್ನು ನಾನೂ ನೋಡದೆ ಕಳಿಸಿದ್ದೆ, ಕ್ಷಮಿಸಿ. ಲ್ಯಾಟಿನ್ ವಿಧಿಯ ಕಥೋಲಿಕರಿಗೆ ಧರ್ಮಸಭೆಯ ಕಾನೂನಿನ 1251 ಮತ್ತು 1252ನೇ ನಿಯಮಗಳ ಪ್ರಕಾರ ಕಡ್ಡಾಯ ಉಪವಾಸ ಎರಡೇ ದಿನ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಂದ 59 ತುಂಬುವವರೆಗೆ ಮಾತ್ರ. ಉಪವಾಸ ಅಂದರೆ ಹಸಿದೇ ಇರುವುದಲ್ಲ. ಒಂದು ಹೊತ್ತು ಹೊಟ್ಟೆತುಂಬಾ ಊಟ, ಇನ್ನೆರಡು ಹೊತ್ತು ಸ್ವಲ್ಪ ಏನಾದರೂ ತಿನ್ನಬಹುದು. ನಮ್ಮಜ್ಜಿಗೆ 72, ಸಕ್ಕರೆ ಕಾಯಿಲೆ ಬೇರೆ, ಮೆಸೇಜ್ ನಂಬಿ ಬೆಳಗ್ಗೆ ಬರೀ ನೀರು ಕುಡಿದು ಮಾತ್ರೆ ನುಂಗಿದ್ದರು. ಅವರಿಗೆ ಈ ನಿಯಮವೇ ಇಲ್ಲ!

ಮಾಂಸ ಬಿಡುವ ನಿಯಮ ಬೇರೆ, ಅದು 14 ತುಂಬಿದವರಿಗೆಲ್ಲ. ಈ ಎರಡು ದಿನ ಕೋಳಿ, ಕುರಿ, ಹಂದಿ ಯಾವುದೂ ಇಲ್ಲ, ತಪಸ್ಸುಕಾಲದ ಉಳಿದ ಶುಕ್ರವಾರಗಳಿಗೂ ಸಾಮಾನ್ಯ ನಿಯಮ ಅದೇ. ಆದರೆ ಮೀನು, ಮೊಟ್ಟೆ, ಹಾಲಿಗೆ ಅಡ್ಡಿಯಿಲ್ಲ, ಬಂಗುಡೆ ಸಾರು ಮಾಡ್ಕೊಳ್ಳಿ. ಸಿರಿಯನ್ ಮತ್ತು ಆರ್ಥಡಾಕ್ಸ್ ಸಭೆಗಳ ಪದ್ಧತಿ ಬೇರೆ, ಇದಕ್ಕಿಂತ ಬಿಗಿ.

ಸಿಗರೇಟು, ಸಿಹಿ, ಮೊಬೈಲ್ ಬಿಡುವುದು ಸ್ವಂತ ಇಷ್ಟದ ತ್ಯಾಗ, ಯಾವ ನಿಯಮವೂ ಅಲ್ಲ. ನಡುವೆ ತಪ್ಪಿದರೆ ಮಾರನೇ ದಿನ ಮುಂದುವರಿಸಿ, ಅಷ್ಟೇ.

ದಯವಿಟ್ಟು ಆ ಮೆಸೇಜ್ ಇನ್ನು ಫಾರ್ವರ್ಡ್ ಮಾಡಬೇಡಿ.