ಹುಟ್ಟಿದಾಗಿನಿಂದ ಹಚ್ಚಿದ ಅರಿಶಿನ ಈಗೇಕೆ ಆಗಿಬರಲಿಲ್ಲ?

ಮದುವೆ ಸೀಸನ್ ಬಂತೆಂದರೆ ನಾನು ನರ್ಸ್ ಆಗಿರುವ ಚರ್ಮರೋಗದ ಕ್ಲಿನಿಕ್‌ಗೆ ಮುಖ ಊದಿಸಿಕೊಂಡು ಬರುವ ಹುಡುಗಿಯರು ಇದ್ದೇ ಇರುತ್ತಾರೆ. ಅರಿಶಿನ ಹಚ್ಚಿದ್ರಾ ಅಂತ ಕೇಳಿದರೆ ಜೊತೆಗೆ ಬಂದ ಅಮ್ಮನೋ ಚಿಕ್ಕಮ್ಮನೋ ಥಟ್ಟನೆ ಹೇಳುತ್ತಾರೆ: "ಅದರಿಂದ ಆಗಿರಲ್ಲ ಸಿಸ್ಟರ್, ಹುಟ್ಟಿದಾಗಿಂದ ಹಚ್ತಾ ಇದೀವಿ." ಈ ಮಾತನ್ನು ನಂಬಿ ಮತ್ತೆ ಮತ್ತೆ ಅದನ್ನೇ ಬಳಿದು ಹಾಳುಮಾಡಿಕೊಂಡ ಮುಖಗಳನ್ನು ನೋಡಿ ನೋಡಿ ಇದನ್ನು ಬರೆಯಲೇಬೇಕು ಅನ್ನಿಸಿತು.

ಅಲರ್ಜಿ ಮೊದಲ ಸಲಕ್ಕೇ ಬರಬೇಕೆಂದಿಲ್ಲ. ಪದೇ ಪದೇ ತಾಗಿದ ವಸ್ತುವನ್ನು ದೇಹ ಒಂದು ದಿನ ಶತ್ರು ಎಂದು ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಅದು ಚರ್ಮಕ್ಕೆ ತಾಗಿದಾಗಲೆಲ್ಲ ಕೆರಳುತ್ತದೆ. ವರ್ಷಗಟ್ಟಲೆ ಏನೂ ಆಗದ ಅರಿಶಿನ, ಕುಂಕುಮ, ಬೇವಿನೆಣ್ಣೆ ಇವತ್ತು ಆಗಿಬರದೇ ಹೋಗುವುದು ಹೀಗೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್‌ಗೇ ಕೆಲವರಿಗೆ ಅಲರ್ಜಿ ಇರುತ್ತದೆ. ಅದು ಕಲಬೆರಕೆಯಿಲ್ಲದ, ಮನೆಯಲ್ಲೇ ಕುಟ್ಟಿದ ಅರಿಶಿನದಲ್ಲೂ ಇದ್ದೇ ಇದೆ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಭಾನುವಾರ ಮದುವೆ. ಶುಕ್ರವಾರ ಬೆಳಿಗ್ಗೆ ಮಹಡಿ ಮೇಲೆ ಅರಿಶಿನ ಶಾಸ್ತ್ರ. ಅರಿಶಿನ, ಕಡಲೆಹಿಟ್ಟು, ಹೊಳಪು ಬರಲಿ ಅಂತ ಒಂದಿಷ್ಟು ನಿಂಬೆರಸ. ಫೋಟೋ ಮುಗಿಯುವ ತನಕ ಬಿಸಿಲಲ್ಲೇ ಕೂತಿದ್ದಳು. ಅವತ್ತು ಏನೂ ಆಗಲಿಲ್ಲ. ಶನಿವಾರ ಸಂಜೆ ಕೆನ್ನೆಯಲ್ಲಿ ತುರಿಕೆ ಶುರುವಾಯಿತು. ತುರಿಕೆಗೆ ಒಳ್ಳೆಯದು ಅಂತ ಅಜ್ಜಿ ಮತ್ತೆ ಅರಿಶಿನವನ್ನೇ ಬೇವಿನ ಜೊತೆ ಅರೆದು ಹಚ್ಚಿದರು. ಭಾನುವಾರ ಬೆಳಗಾಗುವಷ್ಟರಲ್ಲಿ ಕಣ್ಣಿನ ರೆಪ್ಪೆ ಊದಿ, ಲೇಪ ತಾಗದ ಕಿವಿಯ ಹಿಂದೆಯೂ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು.

ಮನೆಯವರ ಗುಮಾನಿ ಎಲ್ಲ ನಿಂಬೆಹಣ್ಣಿನ ಮೇಲೆ. ಅದೇನೂ ಸುಳ್ಳು ಗುಮಾನಿ ಅಲ್ಲ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಅದರಲ್ಲಿರುವ ಅಂಶ ಬಿಸಿಲಿನ ಜೊತೆ ಸೇರಿ ಚರ್ಮವನ್ನು ಸುಡುತ್ತದೆ. ಅದೂ ಒಂದೆರಡು ದಿನ ತಡವಾಗಿಯೇ ಕಾಣಿಸಿಕೊಳ್ಳುತ್ತದೆ. ಆದರೆ ಅದರಲ್ಲಿ ತುರಿಕೆಗಿಂತ ಉರಿ ಹೆಚ್ಚು. ರಸ ಹರಿದ ಜಾಗದಲ್ಲೇ ಗೆರೆ ಗೆರೆಯಾಗಿ ಕೆಂಪಾಗಿ, ಆಮೇಲೆ ತಿಂಗಳುಗಟ್ಟಲೆ ಕಂದು ಕಲೆ ಉಳಿಯುತ್ತದೆ. ಇವಳಿಗೆ ಉರಿಗಿಂತ ತುರಿಕೆಯೇ ಜಾಸ್ತಿ, ಹಚ್ಚದ ಜಾಗಕ್ಕೂ ಹಬ್ಬಿತ್ತು. ಅದು ಅಲರ್ಜಿಯ ಲಕ್ಷಣ. ಮುಖ ವಾಸಿಯಾಗಿ ಕೆಲವು ವಾರ ಕಳೆದ ಮೇಲೆ ಗುಮಾನಿಯ ವಸ್ತುಗಳನ್ನು ಪಟ್ಟಿಯಲ್ಲಿಟ್ಟು ಬೆನ್ನಿಗೆ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್ ಮಾಡಿದರು. ಪಟ್ಟಿಯನ್ನು ಎರಡು ದಿನ ಬಿಟ್ಟು ತೆಗೆದು, ಮತ್ತೆರಡು ದಿನ ಕಳೆದು ಇನ್ನೊಮ್ಮೆ ನೋಡುತ್ತಾರೆ. ಅರಿಶಿನ ಚರ್ಮಕ್ಕೆ ಬಣ್ಣ ಹಿಡಿಯುವುದರಿಂದ ಕೆಂಪಾಗಿದೆಯೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ, ಬೆರಳಾಡಿಸಿ ನೋಡಬೇಕು. ಇವಳ ಬೆನ್ನಲ್ಲಿ ಅರಿಶಿನ ಇಟ್ಟ ಜಾಗ ಗಂಟುಗಂಟಾಗಿ ಉಬ್ಬಿತ್ತು. ಸಾರು, ಪಲ್ಯದಲ್ಲಿ ಅರಿಶಿನ ತಿಂದರೆ ಮಾತ್ರ ಅವಳಿಗೆ ಏನೂ ಆಗುವುದಿಲ್ಲ. ಇಂಥವರಲ್ಲಿ ಹೆಚ್ಚಿನವರಿಗೆ ಹೀಗೆಯೇ.

ಸುಡುವ ಮದ್ದುಗಳ ಕಥೆ ಬೇರೆ, ಅದಕ್ಕೆ ಅಲರ್ಜಿಯೇ ಬೇಕಿಲ್ಲ. ಹಸಿ ಬೆಳ್ಳುಳ್ಳಿ ಜಜ್ಜಿ ನರುಳ್ಳೆಗೋ ಮಂಡಿನೋವಿಗೋ ಬಟ್ಟೆ ಕಟ್ಟಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ. ಕಟ್ಟು ಎಷ್ಟು ಬಿಗಿಯೋ, ಎಷ್ಟು ಹೊತ್ತೋ, ಸುಡುವುದೂ ಅಷ್ಟೇ ಜಾಸ್ತಿ. ಉಳುಕಿಗೆ ಹಚ್ಚುವ ಅರಿಶಿನ-ಸುಣ್ಣದಲ್ಲಿ ಸುಡುವುದು ಸುಣ್ಣ. ಇವುಗಳಲ್ಲಿ ಉರಿ ಶುರುವಾದ ತಕ್ಷಣ ತೊಳೆಯಬೇಕು. "ಉರಿದರೆ ಮದ್ದು ಹಿಡೀತು ಅಂತ ಅರ್ಥ" ಅನ್ನುವ ಮಾತನ್ನು ದಯವಿಟ್ಟು ಯಾರೂ ಮಕ್ಕಳ ಮೇಲೆ ಪ್ರಯೋಗಿಸಬೇಡಿ.

ಹಾಗಂತ ಎಲ್ಲವನ್ನೂ ಬಿಡಿ ಎನ್ನುತ್ತಿಲ್ಲ. ಸೀತಾಳೆ ಸಿಡುಬು ಆದ ಮಗುವಿಗೆ ಬೇವಿನೆಲೆ ಕುದಿಸಿ, ಸೋಸಿ, ಉಗುರುಬೆಚ್ಚಗೆ ಆರಿಸಿದ ನೀರಿನ ಸ್ನಾನ ತುರಿಕೆಗೆ ಹಿತವಾಗುತ್ತದೆ. ಆ ಹಿತದಲ್ಲಿ ನೀರಿನ ಪಾಲೂ ಇದೆ. ಎಲೆ ಅರೆದು ಒಡೆದ ಗುಳ್ಳೆಗೆ ತಿಕ್ಕುವುದು ಬೇಡ. ಬೇವಿನೆಣ್ಣೆಯನ್ನಂತೂ ಮಕ್ಕಳ ಬಾಯಿಗೆ ಹಾಕಲೇಬಾರದು, ಜೀವಕ್ಕೇ ಅಪಾಯ.

ಮದುವೆಗೆ ಅರಿಶಿನ ಬೇಕೇ ಬೇಕು ಎನ್ನುವವರು ಎರಡು ವಾರ ಮೊದಲೇ ಶುರುಮಾಡಿ. ಅಂದು ಕಲಸುವ ಲೇಪವನ್ನೇ, ನಿಂಬೆ ಬಿಟ್ಟು, ಮೊಣಕೈಯ ಒಳಮಡಿಕೆಗೆ ನಾಣ್ಯದಗಲ ಹಚ್ಚಿ, ಮುಖದ ಮೇಲೆ ಇಡುವಷ್ಟೇ ಹೊತ್ತು ಇಟ್ಟು ತೊಳೆಯಿರಿ. ದಿನಕ್ಕೆರಡು ಸಲದಂತೆ ಒಂದು ವಾರ ಮಾಡಿ. ನಡುವೆ ತುರಿಸಿದರೆ ಅಲ್ಲಿಗೇ ನಿಲ್ಲಿಸಿ, ಮುಖಕ್ಕೆ ಹಚ್ಚಬೇಡಿ. ಮುಖವೇ ಊದಿಬಿಟ್ಟರೆ ಬರೀ ತಣ್ಣೀರಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ, ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಕ್ರೀಮನ್ನು ನೀವೇ ತಂದು ಬಳಿಯಬೇಡಿ. ತುಟಿ, ನಾಲಿಗೆ ಊದಿ ಉಸಿರಾಟಕ್ಕೆ ತೊಂದರೆಯಾದರೆ ಕ್ಲಿನಿಕ್ ಹುಡುಕುತ್ತ ಕೂರದೆ ನೇರ ದೊಡ್ಡ ಆಸ್ಪತ್ರೆಗೆ ಓಡಿ. ಡಾಕ್ಟರ ಹತ್ತಿರ ಬರುವಾಗ ಹಚ್ಚಿದ ಪುಡಿಯ ಪೊಟ್ಟಣ ತನ್ನಿ. ಯಾವತ್ತು ಹಚ್ಚಿದಿರಿ, ಯಾವತ್ತು ತುರಿಕೆ ಶುರುವಾಯಿತು, ನಡುವೆ ಬಿಸಿಲಿಗೆ ಹೋಗಿದ್ದಿರಾ, ಇಷ್ಟನ್ನು ನೆನಪಿಟ್ಟುಕೊಂಡು ಬಂದರೆ ನಮ್ಮ ಅರ್ಧ ಕೆಲಸ ಮುಗಿದ ಹಾಗೆ.